ಮಗಳಿಗೆ ಮಹಿಷಾಸುರನ ಕಥೆ ಬರೆದಿದ್ದೇನೆ, ಕಳಿಸುವ ಮುಂಚೆ ಒಮ್ಮೆ ಓದಿ ಹೇಳಿ

ಮಸ್ಕತ್ ಅಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯದ ಪಕ್ಕದ ಹಳ್ಳಿ. ಕೆಲಸ ಮಸ್ಕತ್‌ನಲ್ಲಿ. ಹೆಂಡತಿ, ಮಗಳು, ನಮ್ಮಮ್ಮ ಮೈಸೂರಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಈ ಸಲ ದಸರಾಕ್ಕೆ ರಜೆ ಸಿಗಲಿಲ್ಲ.

ಮಗಳು ನಾಲ್ಕನೇ ಕ್ಲಾಸು. ಅಜ್ಜಿ ಜೊತೆ ಬೆಟ್ಟಕ್ಕೆ ಹೋಗಿ ಬಂದವಳು ಫೋನಿನಲ್ಲಿ ಎರಡು ಪ್ರಶ್ನೆ ಕೇಳಿದಳು. ಒಂದು: "ಎಲ್ಲಾ ದೇವರೂ ಹೊಡೆದರೂ ಸಾಯದವನು ಅಮ್ಮನವರ ಕೈಯಲ್ಲಿ ಹೇಗಪ್ಪಾ ಸತ್ತ?" ಎರಡನೆಯದು: "ಸೋತವನು ಅವನೇ ಅಲ್ವಾ? ಮತ್ಯಾಕೆ ಅವನನ್ನೇ ಅಷ್ಟು ದೊಡ್ಡದಾಗಿ ಮಾಡಿ, ಬಣ್ಣ ಬಳಿದು ನಿಲ್ಲಿಸಿದ್ದಾರೆ? ಎಲ್ಲರೂ ಅವನ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಿದ್ರು."

ಫೋನಿನಲ್ಲಿ ಹೇಳಿ ಮುಗಿಸೋ ಮಾತಲ್ಲ ಅನ್ನಿಸಿತು. ಕೂತು ಕಾಗದ ಬರೆದೆ. ಊರಿಗೆ ಹೊರಟಿರುವ ಗೆಳೆಯರೊಬ್ಬರ ಕೈಯಲ್ಲಿ ಕಳಿಸುತ್ತೇನೆ. ಕಥೆಯ ಭಾಗ ಇಲ್ಲಿ ಹಾಕಿದ್ದೇನೆ.

"ಪುಟ್ಟಿ, ಮಹಿಷಾಸುರನ ಅಪ್ಪ ರಂಭ ಅಂತ ಒಬ್ಬ ಅಸುರ. ಅಮ್ಮ ಒಂದು ಎಮ್ಮೆ. ಹಾಗಾಗಿ ಅವನು ಬೇಕೆಂದಾಗ ಕೋಣ ಆಗುತ್ತಿದ್ದ, ಬೇಕೆಂದಾಗ ಮನುಷ್ಯ ಆಗುತ್ತಿದ್ದ. ದೊಡ್ಡವನಾದ ಮೇಲೆ ಬ್ರಹ್ಮನನ್ನು ಕುರಿತು ತಪಸ್ಸು ಮಾಡಿದ. ನನಗೆ ಸಾವೇ ಬರಬಾರದು ಅಂತ ಕೇಳಿದ. ಹುಟ್ಟಿದವರೆಲ್ಲ ಸಾಯಲೇಬೇಕು, ಅದೊಂದು ಬಿಟ್ಟು ಬೇರೆ ಕೇಳು ಅಂದ ಬ್ರಹ್ಮ. ಹಾಗಾದರೆ ಗಂಡಸರ ಕೈಯಲ್ಲಿ ಸಾವು ಬೇಡ, ಹೆಂಗಸಿನ ಕೈಯಲ್ಲಿ ಬಂದರೆ ಬರಲಿ, ಹೆಂಗಸು ನನ್ನನ್ನು ಏನು ಮಾಡಿಯಾಳು ಅಂದ. ಆಮೇಲೆ ದೇವರನ್ನೆಲ್ಲ ಸ್ವರ್ಗದಿಂದ ಓಡಿಸಿ ತಾನೇ ಇಂದ್ರನ ಸಿಂಹಾಸನದ ಮೇಲೆ ಕೂತ. ದೇವರೆಲ್ಲ ಶಿವ, ವಿಷ್ಣು ಹತ್ತಿರ ಹೋಗಿ ಹೇಳಿಕೊಂಡರು. ಅವರಿಗೆ ತುಂಬಾ ಸಿಟ್ಟು ಬಂತು. ಆ ಸಿಟ್ಟಿನಿಂದ ಅಮ್ಮನವರು ಹುಟ್ಟಿದರು. ಎಲ್ಲರೂ ಆಯುಧ ಕೊಟ್ಟರು. ಮಹಿಷ ಎಷ್ಟು ವೇಷ ಹಾಕಿದರೂ ಬಿಡದೆ ಕೊಂದರು."

ಮೊದಲನೇ ಪ್ರಶ್ನೆಗೆ ಇದು ಸಾಕು ಅಂದುಕೊಂಡಿದ್ದೇನೆ. ಎರಡನೇ ಪ್ರಶ್ನೆಗೆ ಏನು ಬರೆಯಬೇಕೋ ಹೊಳೆಯುತ್ತಿಲ್ಲ. ಗೊತ್ತಿರುವವರು ಹೇಳಿ.

ಮಂಡ್ಯ ಮೇಷ್ಟ್ರು:

ಚೆನ್ನಾಗಿ ಬರೆದಿದ್ದೀರಿ. ನಾನು ನಿವೃತ್ತ ಕನ್ನಡ ಮೇಷ್ಟ್ರು. ನವರಾತ್ರಿಯಲ್ಲಿ ಮನೆಯಲ್ಲಿ ಸಪ್ತಶತಿ ಓದುವ ಅಭ್ಯಾಸ ಇದೆ. ಆ ಬಲದ ಮೇಲೆ ಎರಡು ಮಾತು.

ನೀವು ಬರೆದ ರಂಭನ ಕಥೆ, ಬ್ರಹ್ಮನ ವರ, ಎಲ್ಲ ದೇವೀ ಭಾಗವತದಲ್ಲಿ ಬರುತ್ತವೆ. ಆದರೆ ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀ ಮಹಾತ್ಮ್ಯೆಯಲ್ಲಿ ಈ ವರದ ಮಾತೇ ಇಲ್ಲ. ಅದು ಮಾರ್ಕಂಡೇಯ ಪುರಾಣದ ಭಾಗ. 13 ಅಧ್ಯಾಯ. ಮಹಿಷನ ಕಥೆ ಎರಡರಿಂದ ನಾಲ್ಕನೇ ಅಧ್ಯಾಯದವರೆಗೆ ಇದೆ. ಅಲ್ಲಿ ಕಥೆ ಶುರುವಾಗುವುದೇ ಯುದ್ಧದಿಂದ. ದೇವರಿಗೂ ಅಸುರರಿಗೂ 100 ವರ್ಷ ಯುದ್ಧ ನಡೆಯಿತು, ದೇವರು ಸೋತರು, ಮಹಿಷ ಇಂದ್ರನಾದ. ಅಷ್ಟೇ. ಹೆಂಗಸಿನಿಂದ ಮಾತ್ರ ಸಾವು ಅನ್ನುವ ಕರಾರು ಎಲ್ಲೂ ಇಲ್ಲ.

ಹಾಗಾದರೆ ಆಕೆ ಹೇಗೆ ಗೆದ್ದಳು? ನಿಮ್ಮ ಮಗಳು ಕೇಳಿದ್ದು ಇದನ್ನೇ. ಮಹಾತ್ಮ್ಯೆಯ ಉತ್ತರ ಬೇರೆ ಥರ ಇದೆ. ಒಬ್ಬೊಬ್ಬ ದೇವರ ಮೈಯಿಂದಲೂ ಬೆಳಕು ಹೊರಟಿತು. ಅದೆಲ್ಲ ಒಂದೆಡೆ ಸೇರಿ, ಉರಿಯುವ ಬೆಟ್ಟದ ಹಾಗೆ ಕಂಡಿತು. ಆಮೇಲೆ ಹೆಣ್ಣಾಯಿತು. ಶಿವನ ಬೆಳಕು ಮುಖವಾಯಿತು, ಯಮನದು ಕೂದಲು, ವಿಷ್ಣುವಿನದು ತೋಳುಗಳು. ಆಮೇಲೆ ಆಯುಧ. ಇಲ್ಲೊಂದು ಚಂದದ ವಿವರ ಇದೆ. ಶಿವ ತನ್ನ ತ್ರಿಶೂಲವನ್ನು ಎತ್ತಿ ಕೊಟ್ಟುಬಿಡಲಿಲ್ಲ. ತನ್ನ ಶೂಲದೊಳಗಿಂದಲೇ ಇನ್ನೊಂದು ಶೂಲ ತೆಗೆದು ಕೊಟ್ಟ. ವಿಷ್ಣು ಚಕ್ರದಿಂದ ಇನ್ನೊಂದು ಚಕ್ರ ತೆಗೆದು ಕೊಟ್ಟ. ಇಂದ್ರ ವಜ್ರದಿಂದ ವಜ್ರ ತೆಗೆದು ಕೊಟ್ಟ, ಜೊತೆಗೆ ಐರಾವತದ ಕೊರಳಿನ ಗಂಟೆಯನ್ನೂ ಕೊಟ್ಟ. ಸಿಂಹ ಕೊಟ್ಟವನು ಹಿಮವಂತ.

ಅಂದರೆ 100 ವರ್ಷ ಒಬ್ಬೊಬ್ಬರ ಕೈಯಲ್ಲಿ ಬೇರೆ ಬೇರೆಯಾಗಿದ್ದು ಸೋತ ಅದೇ ಆಯುಧಗಳು, ಒಬ್ಬಳ ಕೈಗೆ ಬಂದಾಗ ಗೆದ್ದವು. ವರ ತಿಳಿಸದಿದ್ದರೂ ಮಗುವಿನ ಪ್ರಶ್ನೆಗೆ ಇದರಲ್ಲಿ ಉತ್ತರ ಇದೆ. ವರದ ಕಥೆ ಬೇಡ ಅನ್ನುತ್ತಿಲ್ಲ. ಅದು ಮಕ್ಕಳಿಗೆ ಇಷ್ಟವಾಗುತ್ತದೆ. ಆದರೆ ಅದೊಂದನ್ನೇ ಹೇಳಿದರೆ ಅಮ್ಮನವರು ಯಾವುದೋ ಕರಾರಿನ ಸಂದಿಯಲ್ಲಿ ನುಸುಳಿ ಗೆದ್ದಂತೆ ಕೇಳುತ್ತದೆ.

ಜಯಲಕ್ಷ್ಮೀಪುರಂ:

ಮೇಷ್ಟ್ರೆ, ಮುಖ್ಯವಾದದ್ದೇ ಬಿಟ್ಟುಹೋಯ್ತಲ್ಲ. ಯುದ್ಧ ಒಂಬತ್ತು ದಿನ ನಡೆಯಿತು, ಹತ್ತನೇ ದಿನ ಮಹಿಷ ಸತ್ತ. ಅದಕ್ಕೇ ನವರಾತ್ರಿ, ವಿಜಯದಶಮಿ. ಅಷ್ಟು ದಿನ ಹಿಡಿದದ್ದು ಯಾಕೆ ಅಂದರೆ, ಅವನ ಒಂದೊಂದು ತೊಟ್ಟು ರಕ್ತ ನೆಲಕ್ಕೆ ಬಿದ್ದಾಗಲೂ ಒಬ್ಬೊಬ್ಬ ಮಹಿಷ ಹುಟ್ಟುತ್ತಿದ್ದ. ಇದನ್ನು ಬರೆಯದಿದ್ದರೆ ಕಥೆ ಅರ್ಧ.

ಮಂಡ್ಯ ಮೇಷ್ಟ್ರು:

ಒಂಬತ್ತು ದಿನದ ಯುದ್ಧ ಎಲ್ಲರ ಬಾಯಲ್ಲೂ ಇದೆ, ನಿಜ. ಹಬ್ಬಕ್ಕೆ ಹೊಂದುವ ಮಾತೂ ಹೌದು. ಆದರೆ ಮಹಾತ್ಮ್ಯೆಯಲ್ಲಿ ಮಹಿಷನ ಜೊತೆ ಇಷ್ಟು ದಿನ ಯುದ್ಧವಾಯಿತು ಅನ್ನುವ ಲೆಕ್ಕ ಇಲ್ಲ.

ರಕ್ತದ ವಿಷಯ ಅದೇ ಪುಸ್ತಕದಲ್ಲಿದೆ, ಆದರೆ ಮಹಿಷನದಲ್ಲ. ಅವನು ರಕ್ತಬೀಜ ಅನ್ನುವ ಬೇರೆ ಅಸುರ, ಶುಂಭ ನಿಶುಂಭರ ಕಡೆಯವನು. ಎಂಟನೇ ಅಧ್ಯಾಯದಲ್ಲಿ ಬರುತ್ತಾನೆ. ಅವನ ರಕ್ತ ಬಿದ್ದಲ್ಲೆಲ್ಲ ಅವನಂಥವನೇ ಹುಟ್ಟುತ್ತಿದ್ದ. ಆಗ ಕಾಳಿ ಬಾಯಿ ಅಗಲಿಸಿ ಒಂದು ತೊಟ್ಟೂ ನೆಲಕ್ಕೆ ಬೀಳದಂತೆ ಕುಡಿದಳು. ಆ ಹೊತ್ತಿಗೆ ಮಹಿಷ ಸತ್ತು ಎಷ್ಟೋ ಕಾಲ ಆಗಿತ್ತು.

ಉತ್ತನಹಳ್ಳಿ ಸೊಸೆ:

ಮೇಷ್ಟ್ರೆ, ಪುಸ್ತಕದಲ್ಲಿ ಹಾಗಿರಬಹುದು. ನಮ್ಮ ಕಡೆ ಹೇಳುವುದು ಬೇರೆ. ಜಯಲಕ್ಷ್ಮೀಪುರಂನವರು ಹೇಳಿದ್ದನ್ನು ನಾನೂ ನಮ್ಮ ಅತ್ತೆ ಬಾಯಲ್ಲಿ ಕೇಳಿದ್ದೇನೆ.

ಬೆಟ್ಟದ ಕೆಳಗೆ ಉತ್ತನಹಳ್ಳಿಯಲ್ಲಿ ಜ್ವಾಲಾಮುಖಿ ಅಮ್ಮನವರ ಗುಡಿ ಇದೆ. ಆಕೆ ಚಾಮುಂಡಿಯ ತಂಗಿ. ಬೆಟ್ಟಕ್ಕೆ ಹೋದರೆ ತಂಗಿಯನ್ನೂ ನೋಡಿಕೊಂಡು ಬರಬೇಕು ಅನ್ನುವುದು ನಮ್ಮ ಮನೆಯ ರೂಢಿ. ಅತ್ತೆ ಹೇಳುತ್ತಿದ್ದ ಕಥೆ ಹೀಗೆ. ಚಾಮುಂಡಿ ಮಹಿಷನನ್ನು ಕಡಿದಳು. ತೊಟ್ಟು ಬಿದ್ದ ಕಡೆಯಲ್ಲೆಲ್ಲ ಇನ್ನೊಬ್ಬ ಎದ್ದ. ಅದನ್ನು ಕಡಿದರೆ ಮತ್ತೊಬ್ಬ. ಕಡಿದು ಕಡಿದು ತಾಯಿಗೆ ಸಾಕಾಯಿತು. ಹಣೆ ಬೆವರನ್ನು ಕೈಯಲ್ಲಿ ಒರೆಸಿ ಕೊಡವಿದಳು. ಆ ಬೆವರಿನಿಂದ ತಂಗಿ ಹುಟ್ಟಿದಳು. "ಅಕ್ಕಾ, ನೀನು ಕಡಿ, ನಾನು ನಾಲಿಗೆ ಹಾಸುತ್ತೇನೆ" ಅಂದಳು. ನೆಲದ ತುಂಬಾ ನಾಲಿಗೆ ಹಾಸಿದಳು. ಒಂದು ತೊಟ್ಟೂ ಮಣ್ಣಿಗೆ ಬೀಳಲಿಲ್ಲ. ಆಗ ಸತ್ತ ಮಹಿಷ.

ಅತ್ತೆ ಇದನ್ನು ಹೇಳುವಾಗ ಅಂಗೈ ಅಗಲಿಸಿ ನೆಲದ ಮೇಲೆ ಸವರಿ ತೋರಿಸೋರು, ನಾಲಿಗೆ ಹಾಸಿದ್ದು ಹೀಗೆ ಅಂತ. ನನ್ನ ಮಕ್ಕಳು ಆ ಕೈಯನ್ನೇ ನೋಡಿಕೊಂಡು ಕೂರೋರು. ಮಗಳು ಮೈಸೂರಿನಲ್ಲೇ ಇದ್ದಾಳೆ ಅಂತೀರಿ. ಹಾಗಿದ್ದರೆ ಈ ಊರಿನ ಕಥೆ ಅವಳಿಗೆ ಗೊತ್ತಿರಬೇಡವೇ?

ಮಂಡ್ಯ ಮೇಷ್ಟ್ರು:

ತಾಯಿ, ಖಂಡಿತ ಗೊತ್ತಿರಬೇಕು. ಇದು ಪುಸ್ತಕಕ್ಕಿಂತ ಕಡಿಮೆಯದು ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಮೈಸೂರು ಸೀಮೆಯ ಜನಪದ ಹಾಡುಗಾರರು ಚಾಮುಂಡಿಯನ್ನು ಹಾಡುವುದು ಹೀಗೆಯೇ. ಅಲ್ಲಿ ಆಕೆ ನಂಜನಗೂಡಿನ ನಂಜುಂಡನನ್ನು ಮೆಚ್ಚಿದವಳು, ಜಗಳವಾಡುವವಳು, ಬೆವರುವವಳು. ಪುರಾಣದ ದೇವಿ ಬೆವರುವುದಿಲ್ಲ. ನನ್ನ ಮನವಿ ಒಂದೇ. ಎರಡನ್ನೂ ಬೆರೆಸಬೇಡಿ. ಇದು ಪುರಾಣದ್ದು, ಇದು ಬೆಟ್ಟದ ಕೆಳಗಿನ ಊರಿನದು ಅಂತ ಮಗುವಿಗೆ ಹೇಳಿಬಿಡಿ.

ಉತ್ತನಹಳ್ಳಿ ಸೊಸೆ:

ಕಥೆ ಹೇಳುವಾಗ ಯಾರು ಹಾಗೆ ಬೇರೆ ಮಾಡಿ ಹೇಳುತ್ತಾರೆ ಮೇಷ್ಟ್ರೆ? ನಮ್ಮತ್ತೆಗೆ ಅದು ನಡೆದದ್ದು. ನಮಗೂ ಅಷ್ಟೇ.

ಡಲ್ಲಾಸ್ ಕನ್ನಡಿಗ:

ನಮ್ಮ ಮನೆಯಲ್ಲೂ ಇದೇ ಪಾಡು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕೋಣ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ. ನನ್ನ ಮಗ ಬಫೆಲೋ ಅಂದಾಗ ಇಲ್ಲಿನ ಕಾಡಿನ ಬೈಸನ್ ಅಂದುಕೊಂಡು, ಮೈ ತುಂಬಾ ಕಂದು ಕೂದಲಿರುವ ಮಹಿಷಾಸುರನ ಚಿತ್ರ ಬರೆದಿದ್ದ. ಮೊದಲು ಮಗಳಿಗೆ ನಮ್ಮ ಊರಿನ ಕೋಣದ ಫೋಟೋ ತೋರಿಸಿ. ನಿಮ್ಮ ಕಡೆ ಗೊಂಬೆ ಕೂರಿಸಲು ಪಟ್ಟದ ಗೊಂಬೆ ಸಿಗುತ್ತಾ? ನಾವು ಊರಿಂದ ತಂದದ್ದು ಒಂದು ಜೊತೆ ಇದೆ. ಅದಕ್ಕೆ ಪ್ರತಿ ವರ್ಷ ಹೊಸ ಸೀರೆ, ಪೇಟ ಹೊಲಿಯುತ್ತೇವೆ.

ಮಸ್ಕತ್ ಅಪ್ಪ:

ಅಣ್ಣ, ಹೊರಗಡೆ ಇರೋದು ನಾನು ಮಾತ್ರ. ಮಗಳು ಮೈಸೂರಿನಲ್ಲೇ ಇದ್ದಾಳೆ. ಗೊಂಬೆ ಅಜ್ಜಿಯೇ ಕೂರಿಸುತ್ತಾರೆ. ಅವಳಿಗೆ ಎಮ್ಮೆ ಕೋಣ ಚೆನ್ನಾಗಿ ಗೊತ್ತು. ಅದೇ ಸ್ವಲ್ಪ ಕಷ್ಟ ಕೂಡ. ಹಳ್ಳಿಯಲ್ಲಿ ನಮ್ಮಕ್ಕನ ಮನೆ ಎಮ್ಮೆ ಕಂಡರೆ ಅವಳಿಗೆ ಪ್ರಾಣ. ಅದರ ಹಣೆ ಕೆರೆದುಕೊಂಡು ಗಂಟೆಗಟ್ಟಲೆ ಕೂರುತ್ತಾಳೆ. ಅಮ್ಮನವರು ಕೋಣವನ್ನು ಕಾಲಲ್ಲಿ ಮೆಟ್ಟಿ ಚುಚ್ಚಿದರು ಅಂತ ಬರೆದರೆ ಅವಳು ಕೋಣದ ಕಡೆಯೇ ಆಗಿಬಿಡುತ್ತಾಳೆ.

ನಾಲ್ಕನೇ ಕ್ಲಾಸ್ ಟೀಚರ್:

ಆಗಲಿ ಬಿಡಿ. ಆ ವಯಸ್ಸಿನ ಮಕ್ಕಳು ಹಾಗೇ. ಕೋಣ ಸತ್ತದ್ದಲ್ಲ, ಕೋಣದ ರೂಪದಲ್ಲಿದ್ದವನು ಸತ್ತದ್ದು ಅಂತ ಕಥೆಯೇ ಹೇಳುತ್ತದಲ್ಲ. ನೀವು "ಎಷ್ಟು ವೇಷ ಹಾಕಿದರೂ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ನಿಂತು ಬಿಡಿಸಿ ಬರೆಯಿರಿ. ನನ್ನ ಕ್ಲಾಸಿನಲ್ಲಿ ಮಕ್ಕಳು ಕಿವಿ ನಿಮಿರಿಸುವುದೇ ಆ ಜಾಗದಲ್ಲಿ. ಮೇಷ್ಟ್ರೆ, ರೂಪ ಬದಲಾಗುವುದು ಯಾವ ಕ್ರಮದಲ್ಲಿ ಅಂತ ಹೇಳ್ತೀರಾ? ನಾನು ಮೊದಲು ಆನೆ, ಆಮೇಲೆ ಸಿಂಹ ಅಂತ ಹೇಳಿಕೊಂಡು ಬಂದಿದ್ದೇನೆ.

ಮಂಡ್ಯ ಮೇಷ್ಟ್ರು:

ಮೊದಲು ಕೋಣ, ಆಮೇಲೆ ಸಿಂಹ, ಆಮೇಲೆ ಮನುಷ್ಯ, ಆಮೇಲೆ ಆನೆ, ಕೊನೆಗೆ ಮತ್ತೆ ಕೋಣ. ಮೂರನೇ ಅಧ್ಯಾಯದಲ್ಲಿ ಇದೆ. ಒಂದೊಂದು ಬದಲಾವಣೆಗೂ ಒಂದು ಕಾರಣ ಇದೆ, ಸುಮ್ನೆ ಬದಲಾಗುವುದಿಲ್ಲ.

ಅವನ ಸೇನಾಪತಿಗಳು ಚಿಕ್ಷುರ, ಚಾಮರ ಮೊದಲಾದವರೆಲ್ಲ ಸತ್ತ ಮೇಲೆ ಮಹಿಷ ಕೋಣನಾಗಿ ತಾನೇ ನುಗ್ಗುತ್ತಾನೆ. ಗೊರಸಿನಿಂದ ನೆಲ ಕೆರೆಯುತ್ತಾನೆ, ಕೊಂಬಿನಿಂದ ಬೆಟ್ಟಗಳನ್ನು ಎತ್ತಿ ಎಸೆಯುತ್ತಾನೆ, ಬಾಲ ಬಡಿದರೆ ಸಮುದ್ರ ಉಕ್ಕುತ್ತದೆ. ದೇವಿ ಪಾಶ ಎಸೆದು ಕಟ್ಟುತ್ತಾಳೆ. ಕಟ್ಟಿದ ಕೂಡಲೇ ಕೋಣದ ರೂಪ ಬಿಟ್ಟು ಸಿಂಹವಾಗುತ್ತಾನೆ. ಸಿಂಹದ ತಲೆ ಕಡಿಯುವಷ್ಟರಲ್ಲಿ ಕತ್ತಿ ಹಿಡಿದ ಮನುಷ್ಯನಾಗುತ್ತಾನೆ. ಬಾಣ ಬಿಟ್ಟರೆ ಆನೆಯಾಗಿ ಅಮ್ಮನವರ ಸಿಂಹವನ್ನೇ ಸೊಂಡಿಲಿನಿಂದ ಎಳೆಯುತ್ತಾನೆ. ಸೊಂಡಿಲು ಕತ್ತರಿಸಿದರೆ ಮತ್ತೆ ಕೋಣ.

ಆಗ ದೇವಿ ಏನು ಮಾಡುತ್ತಾಳೆ ಗೊತ್ತೇ? ನಿಲ್ಲುತ್ತಾಳೆ. ಪಾನ ಮಾಡುತ್ತಾಳೆ. ಕಣ್ಣು ಕೆಂಪಾಗುತ್ತದೆ, ನಗುತ್ತಾಳೆ. "ಗರ್ಜಿಸು ಮೂಢ, ನಾನು ಕುಡಿದು ಮುಗಿಸುವವರೆಗೆ ಗರ್ಜಿಸು. ನಿನ್ನನ್ನು ಕೊಂದ ಮೇಲೆ ಇಲ್ಲೇ ದೇವತೆಗಳು ಗರ್ಜಿಸುತ್ತಾರೆ" ಅನ್ನುತ್ತಾಳೆ. ಆಮೇಲೆ ಹಾರಿ ಅವನ ಮೇಲೇರಿ ಕತ್ತಿನ ಮೇಲೆ ಕಾಲಿಟ್ಟು ಶೂಲದಿಂದ ತಿವಿಯುತ್ತಾಳೆ. ಅವನು ಮತ್ತೆ ರೂಪ ಬದಲಿಸಲು ನೋಡುತ್ತಾನೆ. ಕೋಣದ ಬಾಯಿಂದ ಮನುಷ್ಯನಾಗಿ ಹೊರಗೆ ಬರತೊಡಗುತ್ತಾನೆ. ಈ ಸಲ ಅರ್ಧಕ್ಕೇ ಸಿಕ್ಕಿಬೀಳುತ್ತಾನೆ. ಮೇಲೆ ಅವಳ ಕಾಲಿದೆ. ಪೂರ್ತಿ ಕೋಣನೂ ಅಲ್ಲ, ಪೂರ್ತಿ ಮನುಷ್ಯನೂ ಅಲ್ಲ. ಆ ಸ್ಥಿತಿಯಲ್ಲೇ ತಲೆ ಕಡಿಯುತ್ತಾಳೆ.

ಇಷ್ಟು ಹೊತ್ತೂ ಅವನು ತಪ್ಪಿಸಿಕೊಂಡದ್ದು ಪ್ರತಿ ಹೊಡೆತಕ್ಕೂ ಒಂದು ರೂಪ ಬಿಟ್ಟು ಇನ್ನೊಂದಕ್ಕೆ ಹಾರಿ. ಹಾರಲು ಆಗದಂತೆ ಕಾಲಿಟ್ಟದ್ದೇ ಗೆಲುವು. ಮಗುವಿನ ಮೊದಲ ಪ್ರಶ್ನೆಗೆ ಇದು ಉತ್ತರದ ಇನ್ನೊಂದು ಭಾಗ.

ಜಯಲಕ್ಷ್ಮೀಪುರಂ:

ಇದು ನನಗೂ ಹೊಸದು ಮೇಷ್ಟ್ರೆ. ಕೋಣದ ಕತ್ತಿನಿಂದ ಅರ್ಧ ಮನುಷ್ಯ ಹೊರಗೆ ಬರುವ ಹಾಗೆ ಹೊಯ್ಸಳರ ಗುಡಿಗಳಲ್ಲಿ ಕೆತ್ತಿರುವುದು ಅದಕ್ಕೇ ಇರಬೇಕು. ಆದರೆ ದಯವಿಟ್ಟು ಆ ಕುಡಿಯುವ ಮಾತು ಮಗುವಿಗೆ ಬರೆಯಬೇಡಿ. ದೇವರು ಕುಡಿದಳು ಅಂತ ಮಗು ಶಾಲೆಯಲ್ಲಿ ಹೇಳಿದರೆ ಚೆನ್ನಾಗಿರುತ್ತದಾ?

ಉತ್ತನಹಳ್ಳಿ ಸೊಸೆ:

ಯಾಕೆ ಬರೆಯಬಾರದು? ಊರ ಮಾರಮ್ಮಂದಿರಿಗೆ ಜನ ಏನು ಇಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಮಕ್ಕಳಿಗೂ ಗೊತ್ತು.

ಮಂಡ್ಯ ಮೇಷ್ಟ್ರು:

ಮಹಾಬಲಿಪುರಂ ಗುಹೆಯಲ್ಲಿ ಬೇರೆ ಥರ ಇದೆ. ಅಲ್ಲಿ ಮನುಷ್ಯನ ಮೈ, ಕೋಣದ ತಲೆ, ಕೈಯಲ್ಲಿ ಗದೆ. ಅವನಿನ್ನೂ ಸತ್ತಿಲ್ಲ, ಹಿಂದೆ ಸರಿಯುತ್ತಿದ್ದಾನೆ ಅಷ್ಟೇ. ದೇವಿ ಸಿಂಹದ ಮೇಲೆ ಕೂತು ಬಿಲ್ಲು ಹಿಡಿದು ಬರುತ್ತಿದ್ದಾಳೆ. ನಮ್ಮ ಬೆಟ್ಟದ ಮೇಲಿನ ಮಹಿಷನಿಗೆ ಕೊಂಬೂ ಇಲ್ಲ, ಕೋಣದ ತಲೆಯೂ ಇಲ್ಲ. ದೊಡ್ಡ ಮೀಸೆ, ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಹೆಡೆ ಎತ್ತಿದ ಹಾವು. ರಾಜನ ಹಾಗೆ ನೆಟ್ಟಗೆ ನಿಂತಿದ್ದಾನೆ. ಸೋತವನ ಲಕ್ಷಣ ಒಂದೂ ಇಲ್ಲ. ನಿಮ್ಮ ಮಗಳು ಕಣ್ಣಿಟ್ಟು ನೋಡಿದ್ದಾಳೆ.

ಇತಿಹಾಸ ಪ್ರೇಮಿ:

ಮೇಷ್ಟ್ರು ರಾಜನ ಹಾಗೆ ಅಂದರು. ರಾಜನೇ ಯಾಕಿರಬಾರದು? ಕೆಲವು ವರ್ಷಗಳಿಂದ ಮೈಸೂರಿನಲ್ಲಿ ಮಹಿಷ ದಸರಾ ಆಚರಿಸುವವರಿದ್ದಾರೆ. ನಾನೂ ಅದರಲ್ಲಿ ಒಬ್ಬ. ಮಹಿಷ ಈ ನಾಡನ್ನು ಆಳಿದ ಮೂಲನಿವಾಸಿ ರಾಜ, ಬೌದ್ಧ, ಆಮೇಲೆ ಅವನನ್ನು ರಾಕ್ಷಸ ಮಾಡಿದರು ಎಂದು ನಾವು ನಂಬುತ್ತೇವೆ. ಅಶೋಕನ ಕಾಲದಲ್ಲಿ ಮಹಾದೇವ ಎಂಬ ಭಿಕ್ಷುವನ್ನು ಮಹಿಷಮಂಡಲಕ್ಕೆ ಕಳಿಸಿದರು ಎಂದು ಶ್ರೀಲಂಕಾದ ಮಹಾವಂಶದಲ್ಲಿದೆ. ಆ ಮೂರ್ತಿಯ ಮುಂದೆ ಹೂವಿಟ್ಟು ಕೈ ಮುಗಿಯುವವರೂ ಮೈಸೂರಿನವರೇ ಎಂದು ಆ ಮಗುವಿಗೆ ಬರೆಯಿರಿ. ಅವಳ ಪ್ರಶ್ನೆಗೆ ಅದೂ ಒಂದು ಉತ್ತರ.

ಜಯಲಕ್ಷ್ಮೀಪುರಂ:

ಹಬ್ಬದ ಕಥೆಗೆ ಇದನ್ನೆಲ್ಲ ಯಾಕೆ ತರ್ತೀರಿ? ಮಗು ಕೇಳಿದ್ದು ಅಮ್ಮನವರ ವಿಷಯ.

ಇತಿಹಾಸ ಪ್ರೇಮಿ:

ಮಗು ಕೇಳಿದ್ದು ಮಹಿಷನ ವಿಷಯ. ಮೇಲೆ ಹೋಗಿ ಎರಡನೇ ಪ್ರಶ್ನೆ ಇನ್ನೊಮ್ಮೆ ಓದಿ.

ಮಂಡ್ಯ ಮೇಷ್ಟ್ರು:

ಇಬ್ಬರೂ ಸಮಾಧಾನ. ಮಹಾವಂಶದಲ್ಲಿ ಮಹಿಷಮಂಡಲದ ಹೆಸರು ಇರುವುದು ನಿಜ. ಅದು ನಮ್ಮ ಮೈಸೂರು ಸೀಮೆ ಅನ್ನುವ ವಿದ್ವಾಂಸರಿದ್ದಾರೆ, ಅಲ್ಲ, ನರ್ಮದೆಯ ತೀರ ಅನ್ನುವವರೂ ಇದ್ದಾರೆ. ಅಲ್ಲಿರುವುದು ನಾಡಿನ ಹೆಸರು. ಮಹಿಷ ಎಂಬ ರಾಜನ ಹೆಸರಲ್ಲ. ಬೌದ್ಧ ರಾಜ ಎನ್ನಲು ಅದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪುವುದಿಲ್ಲ ಎಂದೂ ಗೊತ್ತು.

ಆದರೆ ಆ ಮೂರ್ತಿಗೆ ಹೂವಿಡುವುದು ವಿಚಿತ್ರ ಅಂತ ನನಗೆ ಅನ್ನಿಸುವುದಿಲ್ಲ. ಪುರಾಣವೇ ಅದಕ್ಕೆ ಜಾಗ ಕೊಟ್ಟಿದೆ. ಕಾಳಿಕಾ ಪುರಾಣದಲ್ಲಿ ಒಂದು ಪ್ರಸಂಗ ಬರುತ್ತದೆ. ತಾನು ದೇವಿಯ ಕೈಯಲ್ಲಿ ಸಾಯುತ್ತೇನೆ ಎಂದು ಮಹಿಷನಿಗೆ ಮೊದಲೇ ತಿಳಿಯುತ್ತದೆ. ಹೆದರಿ ಓಡುವುದಿಲ್ಲ, ದೇವಿಯನ್ನೇ ಪೂಜಿಸುತ್ತಾನೆ. ಆಕೆ ಪ್ರತ್ಯಕ್ಷಳಾದಾಗ, ನಿನ್ನ ಪಾದ ಬಿಟ್ಟು ನಾನು ಹೋಗದಂತೆ ಮಾಡು, ನಿನಗೆ ಸಲ್ಲುವ ಪೂಜೆಯಲ್ಲಿ ನನಗೂ ಪಾಲಿರಲಿ ಎಂದು ಕೇಳುತ್ತಾನೆ. ನನ್ನ ಪೂಜೆ ಎಲ್ಲಿ ನಡೆದರೂ ನನ್ನ ಕಾಲ ಕೆಳಗೆ ಇರುವ ನಿನಗೂ ಪೂಜೆ ನಡೆಯುತ್ತದೆ ಎಂದು ದೇವಿ ಮಾತು ಕೊಡುತ್ತಾಳೆ.

ಮಹಿಷಾಸುರಮರ್ದಿನಿಯ ಮೂರ್ತಿಯಲ್ಲಿ ಮಹಿಷನೂ ಇದ್ದೇ ಇರುತ್ತಾನಲ್ಲವೇ? ಅಮ್ಮನವರ ಪಾದಕ್ಕೆ ಹಾಕಿದ ಕುಂಕುಮ, ಹೂವು ಅವನ ಮೇಲೂ ಬೀಳುತ್ತದೆ. ಸೋತವನು ಯಾಕೆ ನಿಂತಿದ್ದಾನೆ ಎಂದು ಕೇಳಿದ ಹುಡುಗಿಗೆ ನಾನಾದರೆ ಇದನ್ನು ಹೇಳುತ್ತೇನೆ. ಬೆಟ್ಟದ ಮೇಲಿನ ಆ ಮೂರ್ತಿ ಇದಕ್ಕಾಗಿಯೇ ನಿಲ್ಲಿಸಿದ್ದು ಎಂದು ಹೇಳುತ್ತಿಲ್ಲ. ಕಥೆಯಲ್ಲಿ ಅವನಿಗೆ ಇರುವ ಜಾಗ ಅದು.

ನಾಲ್ಕನೇ ಕ್ಲಾಸ್ ಟೀಚರ್:

ಎಮ್ಮೆ ಪ್ರೀತಿಸುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ ಮೇಷ್ಟ್ರೆ.

ಇತಿಹಾಸ ಪ್ರೇಮಿ:

ಕಾಲ ಕೆಳಗಿನ ಪಾಲು ಅವನಿಗೆ ಸಾಕು ಎಂದು ನಾನು ಒಪ್ಪುವುದಿಲ್ಲ. ಆದರೆ ಈ ಪ್ರಸಂಗ ಹಾಕಿದ್ದಕ್ಕೆ ಮೇಷ್ಟ್ರಿಗೆ ಧನ್ಯವಾದ. ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ.

ಕಿರಂಗೂರು ಹುಡುಗ:

ಮಂಡ್ಯದವರಾಗಿ ಒಂದು ಮಾತು ಸೇರಿಸಿ ಅಣ್ಣ. ಒಡೆಯರ ದಸರಾ ಶುರುವಾದದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. 1610ರಲ್ಲಿ ರಾಜ ಒಡೆಯರು ಪಟ್ಟಣ ತಗೊಂಡ ಮೇಲೆ ವಿಜಯನಗರದವರ ಮಹಾನವಮಿಯನ್ನು ಇಲ್ಲಿ ಮುಂದುವರಿಸಿದರು. ಮೈಸೂರಿಗೆ ಹೋದದ್ದು 1799 ಆದ ಮೇಲೆ. ಈಗಲೂ ನಮ್ಮೂರ ಬನ್ನಿಮಂಟಪದಿಂದ ಶ್ರೀರಂಗಪಟ್ಟಣದ ಜಂಬೂ ಸವಾರಿ ಹೊರಡುತ್ತೆ. ಮಗಳನ್ನು ಒಂದ್ಸಲ ಕರ್ಕೊಂಡು ಬರೋಕೆ ಹೇಳಿ. ಜನ ಕಡಿಮೆ, ಆನೆ ಹತ್ತಿರದಿಂದ ಕಾಣುತ್ತೆ.

ಮಸ್ಕತ್ ಅಪ್ಪ:

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಕಾಗದ ಮತ್ತೆ ಬರೆದೆ. ವರದ ಕಥೆ ಎರಡು ಸಾಲಿಗೆ ಇಳಿಸಿ, "ಇದು ಒಂದು ಪುಸ್ತಕದಲ್ಲಿದೆ, ಇನ್ನೊಂದರಲ್ಲಿ ಇಲ್ಲ" ಅಂತ ಹಾಕಿದ್ದೇನೆ. ಬದಲಾದ ಭಾಗ ಇದು.

"ಪುಟ್ಟಿ, ನೀನು ಕೇಳಿದ್ದೆಯಲ್ಲ, ಎಲ್ಲಾ ದೇವರ ಕೈಯಲ್ಲೂ ಆಗದ್ದು ಅಮ್ಮನವರಿಗೆ ಹೇಗೆ ಆಯಿತು ಅಂತ. 100 ವರ್ಷ ಒಬ್ಬೊಬ್ಬರೂ ತಮ್ಮ ತಮ್ಮ ಆಯುಧ ಹಿಡಿದು ಹೋರಾಡಿದರು. ಆಗಲಿಲ್ಲ. ಕೊನೆಗೆ ಶಿವ ತನ್ನ ತ್ರಿಶೂಲದ ಒಳಗಿಂದ ಇನ್ನೊಂದು ತ್ರಿಶೂಲ ತೆಗೆದು ಅಮ್ಮನವರಿಗೆ ಕೊಟ್ಟ. ವಿಷ್ಣು ಚಕ್ರದಿಂದ ಚಕ್ರ ತೆಗೆದು ಕೊಟ್ಟ. ಇಂದ್ರ ತನ್ನ ಆನೆಯ ಗಂಟೆಯನ್ನೂ ಕೊಟ್ಟ. ಎಲ್ಲ ಒಬ್ಬಳ ಹತ್ತಿರ ಸೇರಿತು. ಬೆಟ್ಟದ ಗುಡಿಯಲ್ಲಿ ಅಮ್ಮನವರಿಗೆ ಎಂಟು ಕೈ. ಮುಂದಿನ ಸಲ ಹೋದಾಗ ಯಾವ ಕೈಯಲ್ಲಿ ಏನಿದೆ, ಯಾವುದು ಯಾರು ಕೊಟ್ಟದ್ದು ಅಂತ ಅಜ್ಜಿಯನ್ನು ಕೇಳು. ಅಲಂಕಾರ ಜಾಸ್ತಿ ಇದ್ದರೆ ಕಾಣುವುದಿಲ್ಲ, ಆಗ ಗೊಂಬೆಯಲ್ಲಿ ನೋಡು.

ಕಟ್ಟಿಹಾಕಿದರೆ ಮಹಿಷ ಸಿಂಹ ಆದ. ಸಿಂಹವನ್ನು ಹೊಡೆದರೆ ಮನುಷ್ಯ ಆದ. ಮನುಷ್ಯನಿಗೆ ಬಾಣ ಬಿಟ್ಟರೆ ಆನೆ ಆದ. ಆನೆ ಸೊಂಡಿಲು ಕತ್ತರಿಸಿದರೆ ಮತ್ತೆ ಕೋಣ ಆದ. ಅಮ್ಮನವರಿಗೆ ಅವನ ಉಪಾಯ ಗೊತ್ತಾಯಿತು. ಆತುರ ಪಡಲಿಲ್ಲ. ನಿಂತು ಒಂದು ಬಟ್ಟಲು ಪಾನ ಕುಡಿದರು. 'ನಾನು ಕುಡಿದು ಮುಗಿಸುವವರೆಗೆ ಎಷ್ಟು ಬೇಕಾದರೂ ಕೂಗು' ಅಂದರು. ಆಮೇಲೆ ಹಾರಿ ಅವನ ಕತ್ತಿನ ಮೇಲೆ ಕಾಲಿಟ್ಟರು. ಅವನು ಮತ್ತೆ ಬದಲಾಗಲು ನೋಡಿದ. ಅರ್ಧ ಹೊರಗೆ ಬಂದ, ಅರ್ಧ ಒಳಗೇ ಉಳಿದ. ಅಲ್ಲಿಗೆ ಅವನ ಆಟ ಮುಗಿಯಿತು. ಸತ್ತದ್ದು ಅತ್ತೆ ಮನೆಯ ಎಮ್ಮೆಯಂಥ ಪಾಪದ ಪ್ರಾಣಿ ಅಲ್ಲ. ಕೋಣದೊಳಗೆ ಅಡಗಿಕೊಂಡಿದ್ದವನು.

ಆದರೆ ಅಮ್ಮನವರು ಅವನನ್ನು ದೂರ ತಳ್ಳಲಿಲ್ಲ. ನಿನ್ನ ಪಾದ ಬಿಟ್ಟು ಹೋಗುವುದಿಲ್ಲ, ನಿನ್ನ ಪೂಜೆಯಲ್ಲಿ ನನಗೂ ಪಾಲು ಬೇಕು ಅಂತ ಅವನು ಮೊದಲೇ ಕೇಳಿಕೊಂಡಿದ್ದ. ಆಗಲಿ ಅಂದಿದ್ದರು. ಅದಕ್ಕೇ ಅಮ್ಮನವರು ಇದ್ದಲ್ಲಿ ಅವನೂ ಇರುತ್ತಾನೆ. ನಿನ್ನ ಎರಡನೇ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಅವನು ರಾಕ್ಷಸನೇ ಅಲ್ಲ, ನಮ್ಮ ಒಳ್ಳೆಯ ರಾಜ ಅಂತ ಹೇಳಿ ಆ ಮೂರ್ತಿಗೆ ಹೂವಿಡುವವರೂ ನಮ್ಮ ಊರಿನಲ್ಲಿದ್ದಾರೆ. ದೊಡ್ಡವಳಾದ ಮೇಲೆ ಅವರ ಮಾತನ್ನೂ ಕೇಳು."

ಉತ್ತನಹಳ್ಳಿಯ ಕಥೆ ನಾನು ಬರೆದಿಲ್ಲ ಅಕ್ಕ. ಅದನ್ನು ನಮ್ಮಮ್ಮನೇ ಹೇಳಲಿ ಅಂತ ಬಿಟ್ಟಿದ್ದೇನೆ. ನಿಮ್ಮ ಅತ್ತೆ ಅಂಗೈ ಸವರಿ ತೋರಿಸುತ್ತಿದ್ದದ್ದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ನನಗೆ ಗೊತ್ತಿಲ್ಲದ್ದಾ? ನಮ್ಮವ್ವನೂ ಹಾಗೇ ಹೇಳೋಳು" ಅಂದರು. ವಿಜಯದಶಮಿ ಗಲಾಟೆ ಮುಗಿದ ಮೇಲೆ ಇಬ್ಬರೂ ಉತ್ತನಹಳ್ಳಿಗೆ ಹೋಗುತ್ತಾರಂತೆ.

ಜಯಲಕ್ಷ್ಮೀಪುರಂ:

ಕಾಗದ ಚೆನ್ನಾಗಿದೆ. ಆ ಬಟ್ಟಲಿನ ಸಾಲು ಮಾತ್ರ ಈಗಲೂ ಬೇಡ ಅಂತೀನಿ.

ಉತ್ತನಹಳ್ಳಿ ಸೊಸೆ:

ಇರಲಿ ಬಿಡಿ. ಅಣ್ಣ, ಅಮ್ಮ ಮಗಳನ್ನು ಕರೆದುಕೊಂಡು ಬರುವುದಾದರೆ ಮಂಗಳವಾರ, ಶುಕ್ರವಾರ ಬಿಟ್ಟು ಬರಲು ಹೇಳಿ. ಆ ದಿನ ತುಂಬಾ ಜನ ಇರುತ್ತಾರೆ, ಮಗುವಿಗೆ ಅಮ್ಮನವರ ಮುಖ ಸರಿಯಾಗಿ ಕಾಣುವುದಿಲ್ಲ.